ಕಬ್ಬಿಣಕ್ಕೆ ಹೊರಬಾಗಿಲಿಲ್ಲ

ನಮ್ಮ ದೊಡ್ಡಪ್ಪ ಹಸಿ ಅಕ್ಕಿ ತಿನ್ನುವುದನ್ನು ಮೊದಲು ಕಂಡುಹಿಡಿದವರು ದೊಡ್ಡಮ್ಮ. ಕಲ್ಲು ಆರಿಸಲೆಂದು ಮೊರದಲ್ಲಿ ಹರವಿಟ್ಟ ಅಕ್ಕಿ ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಹಿಡಿ ಕಡಿಮೆಯಾಗಿರುತ್ತಿತ್ತು. ಕೋಳಿ ಇರಬೇಕು ಎಂದುಕೊಂಡರು. ಒಂದು ದಿನ ಒಗೆಯಲು ತೆಗೆದ ಅಂಗಿಯ ಜೇಬಿನಿಂದ ಅಕ್ಕಿ ಉದುರಿತು. ಅರವತ್ತೊಂದು ವರ್ಷದ ಮನುಷ್ಯ ಬಸುರಿಯ ಹಾಗೆ ಕದ್ದು ಅಕ್ಕಿ ಅಗಿಯುತ್ತಿದ್ದಾನೆ ಎಂದು ದೊಡ್ಡಮ್ಮ ವಾರಗಟ್ಟಲೆ ನಕ್ಕರು. ನಾವೂ ನಕ್ಕೆವು.

ನಮ್ಮೂರು ನಂದಗುಡಿಗೆ ಹತ್ತಿರ. ತೋಟಕ್ಕೆ ಹೋಗಬೇಕಾದರೆ ಕೆರೆ ಏರಿ ಹತ್ತಿ ಇಳಿಯಬೇಕು. ಮೊದಲು ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಮಾತಾಡುತ್ತಲೇ ಏರಿ ಹತ್ತುತ್ತಿದ್ದ ದೊಡ್ಡಪ್ಪ ಆ ಬೇಸಿಗೆಯಲ್ಲಿ ಅರ್ಧಕ್ಕೇ ನಿಂತು, ನೀರು ನೋಡುವವರಂತೆ ನಟಿಸುತ್ತಾ ಉಸಿರು ಎಳೆದುಕೊಳ್ಳುತ್ತಿದ್ದರು. ಕೇಳಿದರೆ "ವಯಸ್ಸಾಯ್ತಲ್ಲಪ್ಪಾ" ಎನ್ನುವುದೊಂದೇ ಉತ್ತರ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.4. ಗಂಡಸರಿಗೆ ಅದು 13ರ ಮೇಲಿರಬೇಕು. ಅದನ್ನು ನೋಡಿದ ಡಾಕ್ಟರು ಕಬ್ಬಿಣದ ಮಾತ್ರೆ, ಒಂದು ಟಾನಿಕ್ಕು ಬರೆದುಕೊಟ್ಟು ಸೊಪ್ಪು ಜಾಸ್ತಿ ತಿನ್ನಲು ಹೇಳಿ ಕಳಿಸಿದರು. ಮೂರು ತಿಂಗಳಲ್ಲಿ 9.6 ಆಯಿತು. ಮನೆಯವರೆಲ್ಲ ಸಮಾಧಾನಪಟ್ಟು ಮಾತ್ರೆ ನಿಲ್ಲಿಸಿದೆವು. ಐದು ತಿಂಗಳು ಕಳೆದು ನೋಡಿದರೆ 7.1.

ನಾವು ಎಡವಿದ್ದು ಇಲ್ಲೇ. ಮಾತ್ರೆ ತಿಂದು ರಕ್ತ ಏರಿದರೆ ಕಬ್ಬಿಣ ಕಡಿಮೆಯಾಗಿತ್ತು ಎಂಬುದಷ್ಟೇ ಖಚಿತವಾಗುತ್ತದೆ. ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಆ ಪ್ರಶ್ನೆಯನ್ನು ಕೇಳಲೇಬೇಕು ಎಂದು ವೈದ್ಯರಿಗೆ ಗೊತ್ತಾಗಿ ತೊಂಬತ್ತು ವರ್ಷವೂ ಆಗಿಲ್ಲ.

1930ರ ದಶಕದ ಲಂಡನ್. ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ರಾಬರ್ಟ್ ಮೆಕ್ಯಾನ್ಸ್ ಎಂಬ ವೈದ್ಯರೂ ಎಲ್ಸಿ ವಿಡೋಸನ್ ಎಂಬ ರಸಾಯನಶಾಸ್ತ್ರಜ್ಞೆಯೂ ಜೊತೆಗೂಡಿ ಕೆಲಸ ಮಾಡುತ್ತಿದ್ದರು. ಅವರು ಭೇಟಿಯಾದದ್ದು ಆಸ್ಪತ್ರೆಯ ಅಡುಗೆಮನೆಯಲ್ಲಿ. ಹಣ್ಣುಗಳಲ್ಲಿ ಸಕ್ಕರೆ ಎಷ್ಟಿದೆ ಎಂದು ಮೆಕ್ಯಾನ್ಸ್ ಹಾಕಿದ್ದ ಲೆಕ್ಕ ತಪ್ಪು ಎಂದು ವಿಡೋಸನ್ ಮುಖಕ್ಕೆ ಹೇಳಿದ್ದರಿಂದ ಸ್ನೇಹ ಶುರುವಾಯಿತಂತೆ. ಅಲ್ಲಿಗೆ ಬರುತ್ತಿದ್ದ ಕೆಲವು ರೋಗಿಗಳದು ನಮ್ಮ ದೊಡ್ಡಪ್ಪನದಕ್ಕೆ ತದ್ವಿರುದ್ಧವಾದ ಕಾಯಿಲೆ: ಮೈಯಲ್ಲಿ ಕೆಂಪು ರಕ್ತಕಣ ಮಿತಿಮೀರಿ ಬೆಳೆಯುವುದು. ಆ ಕಾಲಕ್ಕೆ ಇದ್ದ ಮದ್ದು ರಕ್ತಕಣಗಳನ್ನು ಒಡೆದುಹಾಕುವಂಥದ್ದು. ಕಣ ಒಡೆದರೆ ಒಳಗಿನ ಕಬ್ಬಿಣ ಹೊರಬೀಳಬೇಕು, ಹೊರಬಿದ್ದದ್ದು ಮಲದಲ್ಲೋ ಮೂತ್ರದಲ್ಲೋ ಹೋಗಬೇಕು ಎಂದು ಎಲ್ಲರೂ ನಂಬಿದ್ದರು. ಇಬ್ಬರೂ ರೋಗಿಗಳ ಮಲಮೂತ್ರವನ್ನು ಕೂಡಿಟ್ಟು ಅಳೆದರು. ಕಬ್ಬಿಣ ಹೆಚ್ಚುಕಡಿಮೆ ಬರಲೇ ಇಲ್ಲ. ಅಷ್ಟೊಂದು ರಕ್ತ ಒಡೆದರೂ ಮೈ ಆ ಲೋಹವನ್ನು ಬಿಟ್ಟುಕೊಟ್ಟಿರಲಿಲ್ಲ. ಅನುಮಾನ ತೀರಿಸಿಕೊಳ್ಳಲು ತಮ್ಮ ರಕ್ತನಾಳಕ್ಕೇ ಕಬ್ಬಿಣ ಚುಚ್ಚಿಕೊಂಡು ನೋಡಿದರು. ಆಗಲೂ ಅದೇ ಫಲಿತಾಂಶ.

1937ರಲ್ಲಿ ಅವರು ಪ್ರಕಟಿಸಿದ ಮಾತಿನ ಸಾರ ಇಷ್ಟು: ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆಯೇ ಮನುಷ್ಯನ ಮೈಯಲ್ಲಿಲ್ಲ. ಎಷ್ಟು ಬೇಕು ಎಂದು ನಿರ್ಧರಿಸುವುದು ಒಳಗೆ ಬಿಟ್ಟುಕೊಳ್ಳುವ ಕರುಳು. ಒಮ್ಮೆ ಒಳಗೆ ಬಂದದ್ದು ಒಳಗೇ ಸುತ್ತುತ್ತದೆ. ಹಳೆಯ ರಕ್ತಕಣ ಸತ್ತರೆ ಅದರ ಕಬ್ಬಿಣ ಹೊಸ ಕಣಕ್ಕೆ ಹೋಗುತ್ತದೆ. ಉದುರುವ ಚರ್ಮ, ಕರುಳಿನ ಒಳಪದರದಿಂದ ಕಳಚುವ ಜೀವಕೋಶ, ಇಂಥವುಗಳ ಜೊತೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಹೋಗುತ್ತದೆ, ಅಷ್ಟೆ.

ಇದರ ಅರ್ಥ ಬಿಡಿಸಿಕೊಳ್ಳಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಆರೋಗ್ಯವಾಗಿರುವ ಗಂಡಸಿನ ಮೈಯಲ್ಲಿ, ರಕ್ತದಲ್ಲಿ ಇರುವುದನ್ನು ಬಿಟ್ಟು, ಯಕೃತ್ತಿನಲ್ಲೂ ಅಸ್ಥಿಮಜ್ಜೆಯಲ್ಲೂ ಸುಮಾರು 1000 ಮಿಲಿಗ್ರಾಂ ಕಬ್ಬಿಣ ದಾಸ್ತಾನಾಗಿರುತ್ತದೆ. ಕಣಜದಲ್ಲಿ ತುಂಬಿಟ್ಟ ರಾಗಿಯ ಹಾಗೆ. 1 ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ಎಲ್ಲೋ ಒಂದು ಕಡೆಯಿಂದ ದಿನಕ್ಕೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ರಕ್ತ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಎರಡೂವರೆ ಮಿಲಿಗ್ರಾಂ ಹೋಯಿತು, ಮಾಮೂಲಿನ ಒಂದು ಸೇರಿದರೆ ಮೂರೂವರೆ. ಕೊರತೆ ಗೊತ್ತಾಗಿ ಕರುಳು ಬಾಗಿಲನ್ನು ಅಗಲ ತೆರೆದು ಊಟದಿಂದ ಎರಡು ಮಿಲಿಗ್ರಾಂ ಎಳೆದುಕೊಂಡರೂ ದಿನಕ್ಕೆ ಒಂದೂವರೆ ಸಾಲ. ಎರಡು ವರ್ಷದೊಳಗೆ ಕಣಜ ಖಾಲಿ. ಆಮೇಲೆಯೇ ಹಿಮೋಗ್ಲೋಬಿನ್ ಇಳಿಯತೊಡಗುವುದು. ಅಂದರೆ ದೊಡ್ಡಪ್ಪ ಏರಿಯ ಮೇಲೆ ಉಸಿರಿಗಾಗಿ ನಿಂತ ದಿನ ಶುರುವಾದ ಕಾಯಿಲೆಯಲ್ಲ ಅದು. ವರ್ಷಗಳ ಹಿಂದಿನದು.

ಒಂದು ಚಮಚ ರಕ್ತ ಮಲದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆಯಲ್ಲಿ ರಕ್ತ ಸೋರಿ ಮಲ ಟಾರಿನಂತೆ ಕಪ್ಪಾಗಬೇಕಾದರೆ ಕನಿಷ್ಠ 50 ಮಿಲಿಲೀಟರ್ ಆದರೂ ಒಟ್ಟಿಗೆ ಹೋಗಬೇಕು. ಕಬ್ಬಿಣದ ಮಾತ್ರೆ ತಿನ್ನುವವರ ಮಲ ಹೇಗೂ ಕಪ್ಪಗಿರುವುದರಿಂದ ಅದನ್ನು ನೋಡಿಯೂ ಏನೂ ಹೇಳಲಾಗದು. "ರಕ್ತ ಹೋಗ್ತಿತ್ತಾ?" ಎಂದು ಕೇಳಿದಾಗಲೆಲ್ಲ "ಇಲ್ಲ" ಎಂದ ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ.

"ಮುದ್ದೆ, ಸೊಪ್ಪು ತಿನ್ನೋರಿಗೆ ರಕ್ತ ಕಮ್ಮಿ ಹೆಂಗಾಗುತ್ತೆ?" ಎಂದು ಊರಲ್ಲಿ ಕೇಳದವರಿಲ್ಲ. ರಾಗಿಯಲ್ಲಿ ಕಬ್ಬಿಣವಿದೆ, ನಿಜ. ಅದರ ಜೊತೆಗೇ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟು, ಟ್ಯಾನಿನ್ನುಗಳೂ ಇವೆ. ಊಟದ ಹಿಂದೆಯೇ ಕುಡಿಯುವ ಟೀ ಮತ್ತಷ್ಟು ಕಟ್ಟಿಹಾಕುತ್ತದೆ. ಬೆಳೆಯುವ ಮಕ್ಕಳಿಗೆ, ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ಹೆಣ್ಣುಮಕ್ಕಳಿಗೆ, ಬಸುರಿಯರಿಗೆ ಇದು ದೊಡ್ಡ ಏಟು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದರೆ ಬೆಳವಣಿಗೆ ನಿಂತ, ಮುಟ್ಟೂ ಇಲ್ಲದ ಗಂಡಸು ದಿನಕ್ಕೆ ಕಳೆದುಕೊಳ್ಳುವುದೇ 1 ಮಿಲಿಗ್ರಾಂ. ಎಷ್ಟೇ ಬಡ ಊಟವಾದರೂ ಅದೊಂದೇ ಕಾರಣಕ್ಕೆ ಅವನ ಹಿಮೋಗ್ಲೋಬಿನ್ 7ಕ್ಕೆ ಇಳಿಯುವುದು ಕಷ್ಟ. ಮುಟ್ಟು ನಿಂತ ಹೆಂಗಸಿಗೂ ಇದೇ ಮಾತು. "ರಕ್ತ ಕಮ್ಮಿ" ಎನ್ನುವುದು ಊರಲ್ಲಿ ಇಷ್ಟು ಮಾಮೂಲಾಗಿರುವುದರಿಂದಲೇ, ಯಾರಲ್ಲಿ ಅದು ಮಾಮೂಲಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಸೋರಿಕೆ ಎಂದರೆ ಗಾಯವೇ ಆಗಬೇಕಿಲ್ಲ. 1880ರಲ್ಲಿ ಆಲ್ಪ್ಸ್ ಪರ್ವತದ ಸೇಂಟ್ ಗೊಟ್ಹಾರ್ಡ್ ಸುರಂಗ ಕೊರೆಯುತ್ತಿದ್ದ ಕೂಲಿಗಳು ಬಿಳಿಚಿಕೊಂಡು ಬೀಳತೊಡಗಿದಾಗ, ಟ್ಯೂರಿನ್ನಿನ ಎದುವಾರ್ದೊ ಪೆರೊಂಚಿತೊ ಅವರ ಕರುಳಲ್ಲಿ ಕಂಡದ್ದು ಕೊಕ್ಕೆಹುಳು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಜಾತಿಯ ಹುಳ ಒಂದೊಂದೂ ದಿನಕ್ಕೆ 0.03 ಮಿಲಿಲೀಟರ್ ರಕ್ತ ಹೀರುತ್ತದೆ. ನೂರು ಹುಳ ಸೇರಿದರೆ 3 ಮಿಲಿಲೀಟರ್. ಬರಿಗಾಲಲ್ಲಿ ಗದ್ದೆ ತೋಟ ತುಳಿಯುವವರಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುವುದು ಸರಿಯೇ. ದೊಡ್ಡಪ್ಪನಿಗೂ ಕೊಟ್ಟಿದ್ದರು. ಆದರೆ ಹುಳದ ಮಾತ್ರೆ ನುಂಗಿಸಿದ್ದರಿಂದ ಅರವತ್ತು ದಾಟಿದವರ ಕರುಳು ನೋಡಿದಂತಾಗುವುದಿಲ್ಲ.

ಹಾಗಾದರೆ ನೋಡುವುದು ಹೇಗೆ? ಇಪ್ಪತ್ತನೆಯ ಶತಮಾನದ ಅರ್ಧದವರೆಗೂ ಹೊಟ್ಟೆಯೊಳಗೆ ಇಳಿಸುತ್ತಿದ್ದುದು ಹೆಚ್ಚು ಬಗ್ಗದ, ಮಸೂರಗಳ ಸಾಲಿನ ಕೊಳವೆ. ನುಂಗಿದವರ ಪಾಡು ಕತ್ತಿ ನುಂಗುವವರಿಗಿಂತ ಹೆಚ್ಚು ಸುಖದ್ದಾಗಿರಲಿಲ್ಲ. 1954ರಲ್ಲಿ ಲಂಡನ್ನಿನಲ್ಲಿದ್ದ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಮತ್ತು ಹೆರಾಲ್ಡ್ ಹಾಪ್ಕಿನ್ಸ್, ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದು ಎಂದು 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಷೋವಿಟ್ಜ್ ಎಂಬ, ಅಮೆರಿಕದಲ್ಲಿದ್ದ ಹೊಟ್ಟೆ ವೈದ್ಯ ಲಂಡನ್ನಿಗೇ ಹೋಗಿ ನೋಡಿಬಂದ. ತೊಡಕೊಂದಿತ್ತು: ಎಳೆಗೆ ಎಳೆ ತಾಗಿದಲ್ಲಿ ಬೆಳಕು ಪಕ್ಕದ ಎಳೆಗೆ ಸೋರಿ ಚಿತ್ರ ಮಸುಕಾಗುತ್ತಿತ್ತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದುತ್ತಿದ್ದ ಲ್ಯಾರಿ ಕರ್ಟಿಸ್ 1956ರ ಡಿಸೆಂಬರಿನಲ್ಲಿ ಪ್ರತಿ ಎಳೆಗೂ ಇನ್ನೊಂದು ಬಗೆಯ ಗಾಜಿನ ಹೊದಿಕೆ ಕೊಟ್ಟು ಆ ಸೋರಿಕೆ ನಿಲ್ಲಿಸಿದ. 1957ರ ಫೆಬ್ರವರಿಯಲ್ಲಿ ಹಿರ್ಷೋವಿಟ್ಜ್ ಆ ಕೊಳವೆಯನ್ನು ಮೊದಲು ತಾನೇ ನುಂಗಿದ. ಕೆಲವು ದಿನಗಳ ನಂತರ ದಂತವೈದ್ಯಕೀಯ ವಿದ್ಯಾರ್ಥಿಯೊಬ್ಬನ ಹೆಂಡತಿಯ ಸಣ್ಣಕರುಳಿನ ಮೊದಲ ತಿರುವಿನಲ್ಲಿದ್ದ ಹುಣ್ಣನ್ನು ಕಣ್ಣಾರೆ ಕಂಡ.

ಕೆಳಗಿನಿಂದ ಹೋಗುವುದು ಇನ್ನೂ ಕಷ್ಟ. ದೊಡ್ಡಕರುಳು ಒಂದೂವರೆ ಮೀಟರಿನ, ಮಡಿಕೆ ಮಡಿಕೆಯಾದ, ಅತ್ತಿತ್ತ ಜಾರುವ ಕೊಳವೆ. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅದರ ಉದ್ದಕ್ಕೂ ನೋಡುವ ಕೊಲೊನೋಸ್ಕೋಪಿಯನ್ನು ರೂಢಿಗೆ ತಂದರು. ದೊಡ್ಡಕರುಳು ಶುರುವಾಗುವ ಬಲಬದಿಯ ಮೂಲೆಯವರೆಗೂ ಮನುಷ್ಯನ ಕಣ್ಣು ತಲುಪಿತು.

ಕಣ್ಣು ಎರಡೂ ಕಡೆಯಿಂದ ತಲುಪಿದರೂ ಅಭ್ಯಾಸ ಬದಲಾಗಲಿಲ್ಲ. ಕಬ್ಬಿಣ ಕೊರತೆಯ ರೋಗಿ ಬಂದರೆ ಒಬ್ಬ ವೈದ್ಯ ಮೇಲಿನಿಂದ ನೋಡುತ್ತಿದ್ದ, ಇನ್ನೊಬ್ಬ ಕೆಳಗಿನಿಂದ. ಮೊದಲು ನೋಡಿದ ಕಡೆ ಏನಾದರೂ ಸಿಕ್ಕಿದರೆ ಹುಡುಕಾಟ ಅಲ್ಲಿಗೆ ಮುಗಿಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಡಾನ್ ರಾಕಿ ಮತ್ತು ಜಾನ್ ಸೆಲ್ಲೊ ಹಾಗೆ ಮಾಡಲಿಲ್ಲ. ಸಾಲಾಗಿ ಬಂದ 100 ಮಂದಿ ಕಬ್ಬಿಣ ಕೊರತೆಯ ರೋಗಿಗಳನ್ನು ಎರಡೂ ಕಡೆಯಿಂದ ನೋಡಿದರು. 1993ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 62 ಮಂದಿಯಲ್ಲಿ ರಕ್ತ ಸೋರಿಸಬಲ್ಲ ಏನಾದರೊಂದು ಸಿಕ್ಕಿತು. 36 ಮಂದಿಯಲ್ಲಿ ಮೇಲೆ, 25 ಮಂದಿಯಲ್ಲಿ ಕೆಳಗೆ, ಒಬ್ಬರಲ್ಲಿ ಎರಡೂ ಕಡೆ. ಮೇಲೆ ಹೆಚ್ಚಾಗಿ ಸಿಕ್ಕಿದ್ದು ಹುಣ್ಣು. ಕೆಳಗೆ ಹೆಚ್ಚಾಗಿ ಸಿಕ್ಕಿದ್ದು ಕ್ಯಾನ್ಸರ್, 11 ಮಂದಿಯಲ್ಲಿ. ಮೇಲೊಂದನ್ನೇ ನೋಡಿ ಕಳಿಸಿದ್ದರೆ ಕಾಲುಭಾಗ ಜನರ ಮೂಲ ತಪ್ಪಿಹೋಗುತ್ತಿತ್ತು, ಕೆಳಗೊಂದನ್ನೇ ನೋಡಿದ್ದರೆ ಮೂರನೆಯ ಒಂದು ಭಾಗ.

ಒಬ್ಬರಲ್ಲೇ ಎರಡೂ ಕಡೆ ಸಿಗುವುದು ಅಪರೂಪ ಎಂದು ಅಲ್ಲಿಗೆ ಅನಿಸಿರಬಹುದು. ಎರಡು ವರ್ಷದ ನಂತರ ಅಮೆರಿಕದ್ದೇ ಇನ್ನೊಂದು ತಂಡ 70 ಮಂದಿಯನ್ನು ಹೀಗೆಯೇ ನೋಡಿದಾಗ, ನೂರಕ್ಕೆ 17ರ ಲೆಕ್ಕದಲ್ಲಿ ಎರಡೂ ಕಡೆ ದೋಷವಿತ್ತು. ಎರಡು ಸಂಖ್ಯೆಗಳ ನಡುವಿನ ಅಂತರ ದೊಡ್ಡದೇ. ಯಾವುದನ್ನು 'ಕಾರಣ' ಎಂದು ಎಣಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಜಠರದಲ್ಲಿ ಒಂದು ತರಚು, ಅನ್ನನಾಳದ ಬುಡದಲ್ಲಿ ಸ್ವಲ್ಪ ಕೆಂಪು, ಇಂಥವು ಅರವತ್ತು ದಾಟಿದ ಬಹಳ ಮಂದಿಯಲ್ಲಿ ಹೇಗೂ ಇರುತ್ತವೆ. ಅವು ಸಿಕ್ಕಿವೆ ಎಂದಮಾತ್ರಕ್ಕೆ ರಕ್ತ ಅಲ್ಲಿಂದಲೇ ಹೋಯಿತು ಎನ್ನಲಾಗದು. ಮೊದಲು ಸಿಕ್ಕವನನ್ನೇ ಕಳ್ಳನೆಂದು ಕಟ್ಟಿಹಾಕಿದಂತೆ ಆದೀತು.

ನಮ್ಮ ಮನೆಯಲ್ಲಿ ಆಗುತ್ತಿದ್ದುದು ಅದೇ. ಎರಡನೆಯ ಸಲ ರಕ್ತ ಇಳಿದಾಗ ದೊಡ್ಡಪ್ಪನನ್ನು ಹೊಸಕೋಟೆಗೆ ಕರೆದುಕೊಂಡು ಹೋದೆವು. ನೋಡಿದ ಡಾಕ್ಟರು ಮೊದಲು ಕೇಳಿದ್ದು ಫೆರಿಟಿನ್ ಪರೀಕ್ಷೆ. ಕಣಜದಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಪ್ರೋಟೀನ್ ಅದು. ರಕ್ತಕಣ ಚಿಕ್ಕದಾಗಿ, ಪೇಲವವಾಗಿ ಕಾಣುವುದು ಹುಟ್ಟಿನಿಂದಲೇ ಬರುವ ಥಲಸೇಮಿಯಾದ ವಾಹಕರಲ್ಲೂ ಉಂಟು, ಆದರೆ ಅವರ ಕಣಜ ತುಂಬಿರುತ್ತದೆ. ದೊಡ್ಡಪ್ಪನ ಫೆರಿಟಿನ್ 6. ಅಮೆರಿಕದ ಜಠರಕರುಳು ತಜ್ಞರ ಸಂಘ 2020ರಲ್ಲಿ ಇಟ್ಟ ಗೆರೆ 45: ರಕ್ತಹೀನತೆಯ ಜೊತೆ ಅದು 45ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆಯೆಂದೇ ಹಿಡಿಯಬೇಕು. ಗೆರೆ ಅಷ್ಟು ಮೇಲಿರುವುದು ಯಾಕೆಂದರೆ, ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ಫೆರಿಟಿನ್ ಸುಳ್ಳೇ ಏರಿಬಿಡುತ್ತದೆ.

ಆಮೇಲೆ ಡಾಕ್ಟರು ಕೇಳಿದ್ದು ಮಂಡಿನೋವಿನ ಬಗ್ಗೆ. ದೊಡ್ಡಪ್ಪ ಮೂರು ವರ್ಷದಿಂದ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಿದ್ದರು, ಕೆಲಸವಿದ್ದ ದಿನ ಎರಡು. ಮೇಲಿನಿಂದ ಎಂಡೋಸ್ಕೋಪಿ ಮಾಡಿದಾಗ ಜಠರದ ಕೆಳತುದಿಯಲ್ಲಿ ನಾಲ್ಕೈದು ತರಚು ಗಾಯ, ಒಂದು ಚಿಕ್ಕ ಹುಣ್ಣು. ಪರದೆಯ ಮೇಲೆ ನಾನೇ ನೋಡಿದೆ: ಗುಲಾಬಿ ಬಣ್ಣದ ನುಣುಪಿನ ಮೇಲೆ ಬಿಳಿ ತಳದ, ಕಾಳಿನಷ್ಟು ಗುಳಿ. ನಮಗೆಲ್ಲ ಹೋದ ಜೀವ ಬಂದಂತಾಯಿತು. ಕಾರಣ ಸಿಕ್ಕಿತು, ಮಾತ್ರೆ ಬಿಟ್ಟರಾಯಿತು.

"ಇನ್ನೊಂದು ಕಡೆಯಿಂದಲೂ ನೋಡಬೇಕು, ಯಜಮಾನ್ರೇ" ಎಂದರು ಡಾಕ್ಟರು.

"ಸಿಕ್ತಲ್ಲ ಸಾರ್, ಇನ್ನೇನು?"

"ಈ ಗುಳಿಯಲ್ಲಿ ರಕ್ತದ ಗುರುತೇ ಇಲ್ಲ. ಇದರಿಂದ ಇಷ್ಟು ಇಳಿದಿದೆ ಅಂತ ನನಗೆ ನಂಬಿಕೆ ಇಲ್ಲ."

ಬ್ರಿಟನ್ನಿನ ತಜ್ಞರ ಸಂಘದ ಸೂಚನೆಗಳೂ ಹಿಂದಿನಿಂದ ಇದನ್ನೇ ಹೇಳುತ್ತಾ ಬಂದಿವೆ. ಜಠರದ ಕ್ಯಾನ್ಸರೋ ಸೀಲಿಯಾಕ್ ಕಾಯಿಲೆಯೋ ಸಿಕ್ಕಿದ ಹೊರತು, ಮೇಲೆ ಸಿಕ್ಕಿದ್ದನ್ನು ಕಾರಣವೆಂದು ಒಪ್ಪಿಕೊಂಡು ದೊಡ್ಡಕರುಳನ್ನು ನೋಡದೆ ಬಿಡಬಾರದು. ಸೀಲಿಯಾಕ್ ಎಂದರೆ ಗೋಧಿ ಒಗ್ಗದೆ ಸಣ್ಣಕರುಳಿನ ಒಳಪದರ ಸವೆದು ಕಬ್ಬಿಣ ಒಳಗೇ ಬರದಿರುವ ಕಾಯಿಲೆ. ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿದೆ. ರಕ್ತ ಪರೀಕ್ಷೆಯಲ್ಲೇ ಅದರ ಸುಳಿವು ಸಿಗುತ್ತದೆ. ದೊಡ್ಡಪ್ಪನಿಗೆ ಇರಲಿಲ್ಲ.

ಕೊಲೊನೋಸ್ಕೋಪಿಗೆ ಒಂದು ವಾರ ಮೊದಲೇ ಕಬ್ಬಿಣದ ಮಾತ್ರೆ ನಿಲ್ಲಿಸಬೇಕು. ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡಿ ಕರುಳಿನ ಗೋಡೆಗೆ ಬಳಿದುಬಿಡುತ್ತದೆ, ತೊಳೆದರೂ ಹೋಗುವುದಿಲ್ಲ. ಹಿಂದಿನ ದಿನ ಮುದ್ದೆ, ಸೊಪ್ಪು, ಬೀಜವಿರುವ ತರಕಾರಿ ಬಂದ್. ಗಂಜಿ ನೀರು, ಎಳನೀರು, ಆಮೇಲೆ ಪುಡಿ ಕಲಸಿದ ಎರಡು ಲೀಟರ್ ಉಪ್ಪುಪ್ಪು ನೀರು. ಆ ರಾತ್ರಿಯ ಬಗ್ಗೆ ದೊಡ್ಡಪ್ಪ ಇವತ್ತಿಗೂ ಮಾತಾಡುವುದಿಲ್ಲ. ಎಷ್ಟೋ ಕಡೆ ಎರಡೂ ಪರೀಕ್ಷೆಯನ್ನು ಒಂದೇ ದಿನ, ಒಂದೇ ಮಂಪರಿನಲ್ಲಿ ಮುಗಿಸುವುದು ಇದಕ್ಕೇ: ಒಂದು ಉಪವಾಸದಲ್ಲಿ ಎರಡು ಕೆಲಸ. ಕರುಳು ಸ್ವಚ್ಛವಾಗದಿದ್ದರೆ, ಅಥವಾ ಬಲಬದಿಯ ತುದಿ ತಲುಪದೆ ವಾಪಸಾದರೆ, 'ಏನೂ ಇಲ್ಲ' ಎಂಬ ವರದಿಗೆ ಬೆಲೆಯಿಲ್ಲ. ವರದಿಯಲ್ಲಿ ತುದಿ ಮುಟ್ಟಿದ ಮಾತು, ಫೋಟೋ ಎರಡೂ ಇವೆಯೇ ಎಂದು ನೋಡಿ ಕೇಳಿಕೊಳ್ಳಬೇಕು.

ದೊಡ್ಡಪ್ಪನ ವರದಿಯಲ್ಲಿ ತುದಿಗೆ ಹೋಗುವ ಮೊದಲೇ, ಬಲಬದಿಯಲ್ಲಿ, ನಾಲ್ಕು ಸೆಂಟಿಮೀಟರಿನ ಗಡ್ಡೆ. ತಾಗಿದರೆ ಸಾಕು, ಜಿನುಗುತ್ತಿತ್ತು. ತುಣುಕು ಕಿತ್ತು ಪರೀಕ್ಷೆಗೆ ಕಳಿಸಿದರೆ ಕ್ಯಾನ್ಸರ್.

ಹೊಟ್ಟೆ ನೋವಿಲ್ಲ, ಕಟ್ಟಿಕೊಳ್ಳಲಿಲ್ಲ, ರಕ್ತ ಕಾಣಲಿಲ್ಲ, ಹಾಗಾದರೆ ಇಷ್ಟು ದೊಡ್ಡದು ಅಡಗಿದ್ದು ಹೇಗೆ ಎಂದು ನಾನು ಕೇಳಿದೆ. ದೊಡ್ಡಕರುಳಿನ ಬಲಭಾಗ ಅಗಲ. ಅಲ್ಲಿಗೆ ಬರುವ ಮಲ ಇನ್ನೂ ಅಂಬಲಿಯಂತೆ ತೆಳುವಾಗಿರುತ್ತದೆ. ಗಡ್ಡೆ ಬೆಳೆದರೂ ಮಲ ಪಕ್ಕದಿಂದ ಹರಿದುಹೋಗುತ್ತದೆ, ಜಿನುಗಿದ ರಕ್ತ ಪೂರ್ತಿ ಬೆರೆತುಹೋಗುತ್ತದೆ. ಎಡಭಾಗದಲ್ಲಿ ಕರುಳು ಕಿರಿದು, ಮಲ ಗಟ್ಟಿ. ಅಲ್ಲಿನ ಗಡ್ಡೆ ಬೇಗ ಕಟ್ಟಿಕೊಳ್ಳುತ್ತದೆ, ಕೆಂಪು ರಕ್ತವೂ ಕಾಣಿಸುತ್ತದೆ. ಬಲಭಾಗದ್ದು ಎಷ್ಟೋ ಸಲ ಮೊದಲು ಕೊಡುವ ಸೂಚನೆಯೇ ರಕ್ತಹೀನತೆ. ಮಲದಲ್ಲಿ ಅಡಗಿದ ರಕ್ತಕ್ಕೆ ಮಾಡುವ ಪರೀಕ್ಷೆಯನ್ನು ಇಲ್ಲಿ ನೆಚ್ಚದಿರುವುದಕ್ಕೂ ಕಾರಣವಿದೆ. ಗಡ್ಡೆ ದಿನವೂ ಜಿನುಗುವುದಿಲ್ಲ. ಜಿನುಗದ ದಿನ ಮಲ ಕೊಟ್ಟರೆ 'ಇಲ್ಲ' ಎಂದೇ ಬರುತ್ತದೆ.

2020ರ ಆ ಅಮೆರಿಕದ ಸೂಚನೆಗಳಿಗಾಗಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಕಬ್ಬಿಣ ಕೊರತೆಯ ಗಂಡಸರು ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಕೆಳಗೆ ಕ್ಯಾನ್ಸರ್, 2 ಮಂದಿಗೆ ಮೇಲೆ. ಮುಟ್ಟಾಗುವ ವಯಸ್ಸಿನವರಲ್ಲಿ ಕೆಳಗಿನದೂ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಮೊದಲ ಗುಂಪಿಗೆ ಎರಡೂ ಕಡೆ ನೋಡುವುದನ್ನು ಒತ್ತಿ ಹೇಳುತ್ತಾರೆ, ಎರಡನೆಯ ಗುಂಪಿನಲ್ಲಿ ಮುಟ್ಟಿನ ಲೆಕ್ಕ, ವಯಸ್ಸು ನೋಡಿ, ಅವರನ್ನೇ ಕೇಳಿ ನಿರ್ಧರಿಸುತ್ತಾರೆ. ಈ ಸಂಖ್ಯೆಗಳು ಬಹುಪಾಲು ಪಶ್ಚಿಮದ ದೇಶಗಳವು. ದೊಡ್ಡಕರುಳಿನ ಕ್ಯಾನ್ಸರ್ ಅಲ್ಲಿಗಿಂತ ನಮ್ಮಲ್ಲಿ ಕಡಿಮೆ, ಹುಳ ಹೆಚ್ಚು. ಆದರೂ ಕಬ್ಬಿಣಕ್ಕೆ ಹೊರಬಾಗಿಲಿಲ್ಲ ಎಂಬ ಮಾತು ಲಂಡನ್ನಿಗೂ ನಂದಗುಡಿಗೂ ಒಂದೇ. ಎರಡೂ ಕಡೆ ನೋಡಿ ಏನೂ ಸಿಗದವರೂ ಬಹಳ. ಅವರಿಗೆ ಕಬ್ಬಿಣ ಕೊಟ್ಟು ಕಣಜ ತುಂಬಿಸಿ ಕಾಯುತ್ತಾರೆ. ಮತ್ತೆ ಇಳಿದರೆ ಮಾತ್ರ, ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಿ ನಡುವಿನ ಸಣ್ಣಕರುಳನ್ನು ಹುಡುಕುತ್ತಾರೆ.

ದೊಡ್ಡಪ್ಪನ ಕರುಳಿನ ಬಲಭಾಗವನ್ನು ಕತ್ತರಿಸಿ ತೆಗೆದರು. ಅದರ ಜೊತೆ ತೆಗೆದ ದುಗ್ಧಗ್ರಂಥಿಗಳಿಗೆ ಕಾಯಿಲೆ ಹರಡಿರಲಿಲ್ಲ, ಕೀಮೋ ಬೇಡವೆಂದರು. ಮಂಡಿನೋವಿನ ಮಾತ್ರೆ ಬಿಡಿಸಿದರು. ಆ ಚಿಕ್ಕ ಹುಣ್ಣೂ ಎರಡು ತಿಂಗಳಲ್ಲಿ ಮಾಯಿತು.

ರಕ್ತನಾಳಕ್ಕೆ ಕಬ್ಬಿಣದ ಡ್ರಿಪ್ ಹಾಕಿದ್ದು ಆಪರೇಷನ್ನಿಗೆ ಮೊದಲು. ಹಿಮೋಗ್ಲೋಬಿನ್ ಏರಲು ವಾರಗಳು ಬೇಕಾದವು, ಆದರೆ ಕಬ್ಬಿಣದ ಕೊರತೆಯೇ ತಂದಿದ್ದ ಅಕ್ಕಿಯ ಚಟ ನಾಲ್ಕೇ ದಿನದಲ್ಲಿ ಹೋಗಿತ್ತು. ಅದನ್ನೂ ಮೊದಲು ಕಂಡವರು ದೊಡ್ಡಮ್ಮ. ಆಸ್ಪತ್ರೆಗೆ ಬಂದಾಗ ನಗೆಯಾಡಲೆಂದು ಸೆರಗಿನ ತುದಿಯಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಕೊಂಡು ಬಂದಿದ್ದರು. ದೊಡ್ಡಪ್ಪ ಎರಡು ಕಾಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಇದೇನೇ, ಹಸಿ ಅಕ್ಕಿ!" ಎಂದರು.